ಸಹಾಯ ಬೇಕು: ಮೊದಲ ಚಳಿಯ ಫೋಟೋಗೆ ಒಂದು ಸಾಲು

ಅಣ್ಣಂದಿರೇ, ಅಕ್ಕಂದಿರೇ, ನಾನು ದಾವಣಗೆರೆಯವನು. ಓದಲು ಕೆನಡಾದ ವಿನಿಪೆಗ್‌ಗೆ ಬಂದು ಮೂರು ತಿಂಗಳಾಯಿತು. ಇವತ್ತು ಬೆಳಿಗ್ಗೆ ಮೈನಸ್ 9 ಡಿಗ್ರಿ. ತಲೆಗೆ ಸ್ನಾನ ಮಾಡಿ ಹಾಗೇ ಹೊರಟೆ. ಬಸ್ ಸ್ಟಾಪ್ ಮುಟ್ಟುವಷ್ಟರಲ್ಲಿ ಕೂದಲು ಕಡ್ಡಿಯ ಹಾಗೆ ಗಟ್ಟಿ! ಅಲ್ಲೇ ಒಂದು ಫೋಟೋ ತೆಗೆದೆ, ಬಾಯಿಂದ ಹಬೆ ಬರುತ್ತಿರುವುದು ಚೆನ್ನಾಗಿ ಬಿದ್ದಿದೆ.

ಇನ್‌ಸ್ಟಾಗ್ರಾಮ್‌ಗೆ ಹಾಕಬೇಕು, ಕ್ಯಾಪ್ಷನ್ ಮಾತ್ರ ಹೊಳೆಯುತ್ತಿಲ್ಲ. ಮೊದಲು ಎಂಟು ಸಾಲು ಬರೆದೆ. ಆದರೆ ಅಲ್ಲಿ ಮೊದಲ ಒಂದೆರಡು ಸಾಲಷ್ಟೇ ಕಾಣುವುದು, ಉಳಿದದ್ದು ಒತ್ತಿದರೆ ಮಾತ್ರ. ನನ್ನ ಊರಿನ ಮಾತು ಏಳನೇ ಸಾಲಿನಲ್ಲಿತ್ತು. ಯಾರು ಓದುತ್ತಾರೆ ಅಲ್ವಾ?

ಆಮೇಲೆ ‘ಊರು ತುಂಬಾ ನೆನಪಾಗುತ್ತಿದೆ’ ಎಂದು ಬರೆದೆ. ಅದನ್ನು ಯಾವ ಫೋಟೋಗೆ ಬೇಕಾದರೂ ಹಾಕಬಹುದು. ಮೇಲಾಗಿ ಅಮ್ಮ ಓದಿದರೆ ರಾತ್ರಿಯೆಲ್ಲ ನಿದ್ದೆ ಮಾಡುವುದಿಲ್ಲ.

ಈಗ ಉಳಿದಿರುವುದು ಎರಡು:

‘ಮೈನಸ್ 9. ಹಬೆ ಬಂತು, ಬೆಣ್ಣೆ ದೋಸೆ ಬರಲಿಲ್ಲ.’

‘ಇಲ್ಲಿ ಬೆಳಿಗ್ಗೆ ಎಂಟು, ಕೂದಲೂ ಹೆಪ್ಪುಗಟ್ಟಿದೆ. ಊರಲ್ಲಿ ಸಂಜೆ ಏಳೂವರೆ, ಮಂಡಕ್ಕಿ ಮೆಣಸಿನಕಾಯಿ ಹೊತ್ತು.’

ಮೊದಲನೆಯದು ಫೋಟೋದಲ್ಲಿರುವ ಹಬೆಯನ್ನೇ ಹಿಡಿದಿದೆ, ಚಿಕ್ಕದು ಕೂಡ. ನನಗೆ ಎರಡನೆಯದರ ಮೇಲೆ ಮನಸ್ಸು, ಆದರೆ ಉದ್ದವಾಯಿತು. ಅದನ್ನು ಅರ್ಧಕ್ಕೆ ಇಳಿಸಿಕೊಡುತ್ತೀರಾ? ಮಂಡಕ್ಕಿ ಮಾತ್ರ ತೆಗೆಯಬೇಡಿ. ‘ಮಿಸ್ ಯೂ’ ಕೂಡ ಬೇಡ.

ಇಲ್ಲಿ ರಾತ್ರಿ ಒಂಬತ್ತರೊಳಗೆ, ಅಂದರೆ ನಿಮ್ಮ ಬೆಳಿಗ್ಗೆ ಎಂಟೂವರೆಯೊಳಗೆ ಹೇಳಿದರೆ ಸಾಕು. ಅಷ್ಟರಲ್ಲಿ ಒಂದು ಟೋಪಿ ಕೊಂಡು ಬರುತ್ತೇನೆ.