ಅಪ್‌ಡೇಟ್: x³ − 2x + 2 = 0, ನ್ಯೂಟನ್ ವಿಧಾನ 0, 1ರಲ್ಲೇ ಸುತ್ತುತ್ತಿದ್ದದ್ದು

ನನ್ನ ಪ್ರಶ್ನೆ: "0ಯಿಂದ ಶುರು ಮಾಡಿದರೆ ನ್ಯೂಟನ್ ವಿಧಾನ 0, 1, 0, 1 ಅಂತ ಸುತ್ತುತ್ತಲೇ ಇದೆ, ಮೂಲ ಹೇಗೆ ಹಿಡಿಯೋದು?"

ಸಿಕ್ಕಿತು. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಸುತ್ತೋದು ಯಾಕೆ ಅಂತ. 0ಯಲ್ಲಿ ಎಳೆದ ಸ್ಪರ್ಶಕ x-ಅಕ್ಷವನ್ನು 1ರಲ್ಲಿ ಮುಟ್ಟುತ್ತದೆ, 1ರಲ್ಲಿ ಎಳೆದದ್ದು ವಾಪಸ್ 0ಗೆ ಬರುತ್ತದೆ. ಸುಮ್ನೆ ಸ್ವಲ್ಪ ಪಕ್ಕಕ್ಕೆ ಸರಿದರೆ ಆಗಬಹುದು ಅಂತ 0.1 ಹಾಕಿ ನೋಡಿದೆ. 1.014 ಬಂತು, ಆಮೇಲೆ ಸುಮಾರು 0.08. ಅಂದರೆ ಆ ಸುತ್ತು ಹತ್ತಿರ ಬಂದ ಬಿಂದುಗಳನ್ನೂ ಒಳಗೆ ಎಳೆದುಕೊಳ್ಳುತ್ತದೆ! ಎಷ್ಟು ಸಲ ಓಡಿಸಿದರೂ ಪ್ರಯೋಜನವಿಲ್ಲ.

ಹಾಗಾಗಿ ಮೊದಲು ಮೂಲ ಎಲ್ಲಿರಬಹುದು ಅಂತ ಬೇಲಿ ಹಾಕಿದೆ. ಕೋಶಿಯ ನಿಯಮ ಸುಲಭ: x³ರ ಸಹಗುಣಕ 1 ಇರುವಾಗ, ಉಳಿದ ಸಹಗುಣಕಗಳಲ್ಲಿ ಚಿಹ್ನೆ ಬಿಟ್ಟು ದೊಡ್ಡದಕ್ಕೆ 1 ಸೇರಿಸಬೇಕು. ಇಲ್ಲಿ 1 + 2 = 3, ಮೂಲಗಳೆಲ್ಲ −3 ಮತ್ತು 3ರ ನಡುವೆಯೇ. ಒಳಗೆ f(−2) = −2, f(−1) = 3. ಚಿಹ್ನೆ ಬದಲಾಯ್ತು, ಅಲ್ವಾ? ಬಲಗಡೆ ಹುಡುಕೋದೇ ಬೇಡ, ಅಲ್ಲಿ ವಕ್ರರೇಖೆ 0.91ಕ್ಕಿಂತ ಕೆಳಗೆ ಇಳಿಯೋದಿಲ್ಲ.

ಆಮೇಲೆ ಅರ್ಧ ಮಾಡುತ್ತಾ ಹೋದೆ. f(−1.5) = 1.625, f(−1.75) = 0.140625, ಎರಡೂ ಧನ, ಆದ್ದರಿಂದ ಮೂಲ −2 ಮತ್ತು −1.75ರ ನಡುವೆ. ಹೀಗೇ ಮುಂದುವರಿದರೆ ಖಂಡಿತ ಸಿಗುತ್ತದೆ, ಆದರೆ ಒಂದು ದಶಮಾಂಶ ಸ್ಥಾನಕ್ಕೆ ಮೂರ್ನಾಲ್ಕು ಸಲ ಅರ್ಧ ಮಾಡಬೇಕು. ಅದಕ್ಕೇ ಇಲ್ಲಿಂದ ನ್ಯೂಟನ್‌ಗೆ ಬದಲಾಯಿಸಿದೆ:

```
-1.75
-1.769565
-1.769292
```

ಮುಂದಿನ ಹೆಜ್ಜೆಯಲ್ಲಿ ಈ ಆರು ಸ್ಥಾನ ಅಲ್ಲಾಡಲಿಲ್ಲ. ಆದರೂ f(−1.7693) ಋಣ, f(−1.7692) ಧನ ಅಂತ ನೋಡಿಯೇ ಬಿಟ್ಟೆ.