ನಿಫ್ಟಿಯ ಕೆಳಗೆ ಡಾಲರ್ ಸೂಚ್ಯಂಕದ ಗೆರೆ: ಇರಲೇ, ಬೇಡವೇ?

ಕೋಥ್ರೂಡ್, ಪುಣೆ

ನಿಫ್ಟಿಯ ವಾರದ ಚಾರ್ಟಿನ ಕೆಳಗೆ ಡಾಲರ್ ಸೂಚ್ಯಂಕವನ್ನು ತಲೆಕೆಳಗಾಗಿಸಿ ಇಟ್ಟುಕೊಂಡಿದ್ದೇನೆ. 2024ರ ಕೊನೆಯಲ್ಲಿ ಎರಡೂ ಚೆನ್ನಾಗಿ ಹೊಂದಿದವು. 2025ರಲ್ಲಿ ಡಾಲರ್ ಸೂಚ್ಯಂಕ 110ರಿಂದ 97ಕ್ಕೆ ಕುಸಿದರೂ ವಿದೇಶಿಯರು ಮಾರುತ್ತಲೇ ಇದ್ದರು. ಈ ಗೆರೆಯನ್ನು ಇಟ್ಟುಕೊಳ್ಳಲೇ, ತೆಗೆದುಹಾಕಲೇ? ಅನುಭವವುಳ್ಳವರು ತಿಳಿಸಬೇಕು.

ಡೊಂಬಿವಿಲಿ

ಖಂಡಿತ ಇಟ್ಟುಕೊಳ್ಳಿ. ಡಾಲರ್ ಬಲಗೊಂಡರೆ ವಿದೇಶಿ ಹಣ ಹೊರಡುತ್ತದೆ, ಸೊರಗಿದರೆ ಮರಳುತ್ತದೆ. ಇದನ್ನು ನಾನು ಹಲವು ವರ್ಷಗಳಿಂದ ನೋಡುತ್ತಾ ಬಂದಿದ್ದೇನೆ. 2024ರ ಸೆಪ್ಟೆಂಬರ್ ಕೊನೆಗೆ ನಿಫ್ಟಿ 26,277ನ್ನು ಮುಟ್ಟಿದಾಗ ಡಾಲರ್ ಸೂಚ್ಯಂಕ 100ರ ಆಸುಪಾಸಿನಲ್ಲಿತ್ತು, ಜನವರಿಯಲ್ಲಿ ಅದು 110ಕ್ಕೆ ಏರುವ ಹೊತ್ತಿಗೆ ನಮ್ಮ ಮಾರುಕಟ್ಟೆ ಸೋತುಹೋಗಿತ್ತು. ಇದೇ ನಂಬಿಕೆಯ ಮೇಲೆ 2025ರ ಜುಲೈ ಮೊದಲ ವಾರದಲ್ಲಿ, ಸೂಚ್ಯಂಕ 97ರ ಕೆಳಗಿದ್ದಾಗ, ನಾನು ಇಂಡೆಕ್ಸ್ ಫಂಡಿನಲ್ಲಿ ದೊಡ್ಡ ಮೊತ್ತವನ್ನೇ ಹಾಕಿದೆ. ಮುಂದಿನ ಮೂರು ತಿಂಗಳು ಅದು ಮೇಲೇಳಲಿಲ್ಲ. ಪರಿಣಾಮ ಕಾಣಿಸಲು ಸ್ವಲ್ಪ ತಡವಾಗುತ್ತದೆ ಎಂದೇ ನನ್ನ ಎಣಿಕೆ.

ಮಾಟುಂಗಾ, ಮುಂಬೈ

ಕಸ್ಟೋಡಿಯನ್ ಬ್ಯಾಂಕೊಂದರಲ್ಲಿ ವಿದೇಶಿ ನಿಧಿಗಳ ಸೆಟ್ಲ್‌ಮೆಂಟ್ ಕೆಲಸ ಮಾಡಿ ನಿವೃತ್ತಳಾದವಳು ನಾನು. ಮೊದಲು ಲೆಕ್ಕ ಸರಿಮಾಡಿಕೊಳ್ಳೋಣ. 2025ರಲ್ಲಿ ಅವರು ಎಡೆಬಿಡದೆ ಮಾರಲಿಲ್ಲ. ಜನವರಿಯಲ್ಲಿ ಸುಮಾರು 78,000 ಕೋಟಿ ರೂಪಾಯಿಯ ಷೇರು ಮಾರಿದರು, ಫೆಬ್ರವರಿಯಲ್ಲೂ ಮಾರಿದರು, ಆದರೆ ಏಪ್ರಿಲ್‌ನಿಂದ ಜೂನ್‌ವರೆಗೆ ಒಟ್ಟು ಸುಮಾರು 38,000 ಕೋಟಿಯಷ್ಟು ಕೊಂಡರು. ಡಾಲರ್ ಬಿದ್ದ ತಿಂಗಳುಗಳಲ್ಲಿ ಹಣ ಬಂದಿದೆ, ಅಂದರೆ ದಿಕ್ಕು ತಪ್ಪಿಲ್ಲ. ತಪ್ಪಿದ್ದು ಪ್ರಮಾಣ. ಅರ್ಧ ವರ್ಷದಲ್ಲಿ ಡಾಲರ್ ಸೂಚ್ಯಂಕ ಶೇಕಡಾ 10ಕ್ಕಿಂತ ಹೆಚ್ಚು ಕುಸಿದಿದ್ದಾಗ ಬಂದ ಈ ಹಣ, 2024ರ ಅಕ್ಟೋಬರ್ ಒಂದೇ ತಿಂಗಳಲ್ಲಿ ಹೊರಹೋದ 94,000 ಕೋಟಿಯ ಅರ್ಧಕ್ಕೂ ಸಮವಲ್ಲ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮತ್ತೆ ಸುಮಾರು 76,000 ಕೋಟಿ ಹೊರಗೆ ಹೋಯಿತು, ಆಗ ಡಾಲರ್ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು.

ಡೊಂಬಿವಿಲಿಯವರು ಹೇಳುವ 2024ರ ಉದಾಹರಣೆಯನ್ನೂ ಹತ್ತಿರದಿಂದ ನೋಡಬೇಕು. ಅಕ್ಟೋಬರ್‌ನ ಮಾರಾಟ ಶುರುವಾದಾಗ ಡಾಲರ್ ಇನ್ನೂ ಏರಿರಲೇ ಇಲ್ಲ. ಸೆಪ್ಟೆಂಬರ್ 24ರಂದು ಚೀನಾ ತನ್ನ ಆರ್ಥಿಕತೆಗೆ ಉತ್ತೇಜನ ಘೋಷಿಸಿತು, ಅಲ್ಲಿನ ಷೇರುಗಳು ಅಗ್ಗವಾಗಿದ್ದವು, ನಮ್ಮವು ದುಬಾರಿಯಾಗಿದ್ದವು, ಮೇಲಾಗಿ ನಮ್ಮ ಕಂಪನಿಗಳ ತ್ರೈಮಾಸಿಕ ಲಾಭವೂ ಸಪ್ಪೆಯಾಗಿತ್ತು. ಡಾಲರ್ ಏರಿದ್ದು ಆಮೇಲೆ, ಬಹುಮಟ್ಟಿಗೆ ಅಮೆರಿಕದ ಚುನಾವಣೆಯ ಸುತ್ತಮುತ್ತ. ಎರಡು ಬೇರೆ ಕಾರಣಗಳು ಒಂದೇ ಋತುವಿನಲ್ಲಿ ಬಂದವು. ಚಾರ್ಟಿನಲ್ಲಿ ಅವು ಒಂದೇ ಕಾರಣದಂತೆ ಕಂಡವು.

ಮಡಗಾಂವ್, ಗೋವಾ

ನನ್ನ ಮಗ ದುಬೈಯಲ್ಲಿದ್ದಾನೆ. ಡಾಲರ್ ಇಷ್ಟು ಇಳಿದಿದ್ದರೆ ಅವನು ಮನೆಗೆ ಹಣ ಕಳುಹಿಸುವುದನ್ನು ಸ್ವಲ್ಪ ದಿನ ತಡೆಯುವುದು ಒಳ್ಳೆಯದೇ? ದಿರ್ಹಮ್ ಡಾಲರಿಗೇ ಕಟ್ಟಿಕೊಂಡಿದೆಯಲ್ಲ.

ಮಾಟುಂಗಾ, ಮುಂಬೈ

ಇಲ್ಲಿ ಕೇಳಿದ್ದು ಚಾರ್ಟಿನ ವಿಷಯವಾದರೂ ನಿಮ್ಮ ಪ್ರಶ್ನೆ ನನ್ನ ಮಾತಿಗೆ ದಾರಿ ಮಾಡಿಕೊಟ್ಟಿತು, ಅಣ್ಣ. 2025ರ ಮೊದಲ ಒಂಬತ್ತು ತಿಂಗಳಲ್ಲಿ ನಿಮ್ಮ ಮಗನಿಗೆ ಡಾಲರ್ ಇಳಿಯಲೇ ಇಲ್ಲ. 2024ರ ಡಿಸೆಂಬರ್ ಕೊನೆಗೆ ಡಾಲರಿಗೆ ಸುಮಾರು 85.6 ರೂಪಾಯಿ ಇತ್ತು, 2025ರ ಸೆಪ್ಟೆಂಬರ್ ಕೊನೆಗೆ ಸುಮಾರು 88.8 ಆಗಿತ್ತು. ಡಾಲರ್ ಸೂಚ್ಯಂಕದಲ್ಲಿ ಇರುವುದು ಆರೇ ನಾಣ್ಯಗಳು: ಯೂರೋ ಒಂದೇ ಶೇಕಡಾ 57.6, ಉಳಿದದ್ದು ಯೆನ್, ಪೌಂಡ್, ಕೆನಡಾದ ಡಾಲರ್, ಸ್ವೀಡನ್ನಿನ ಕ್ರೋನಾ ಮತ್ತು ಸ್ವಿಸ್ ಫ್ರಾಂಕ್. ರೂಪಾಯಿಯೂ ಇಲ್ಲ, ಯುವಾನೂ ಇಲ್ಲ, ಕೊರಿಯಾದ ವಾನ್ ಕೂಡ ಇಲ್ಲ. ಆದ್ದರಿಂದ ಅದು ಬಿತ್ತೆಂದರೆ ಮುಖ್ಯವಾಗಿ ಯೂರೋ ಎದ್ದಿತು ಎಂದರ್ಥ. ಕಳುಹಿಸುವ ದಿನವನ್ನು ರೂಪಾಯಿಯ ದರ ನೋಡಿ ತೀರ್ಮಾನಿಸಿ, ಸೂಚ್ಯಂಕ ನೋಡಿ ಅಲ್ಲ.

ಕೋಥ್ರೂಡಿನವರು ಇದೇ ಒಂಬತ್ತು ತಿಂಗಳನ್ನು ವಿದೇಶಿ ನಿಧಿಯವನ ಕಣ್ಣಿನಿಂದ ನೋಡಲಿ. ನಿಫ್ಟಿ 23,645ರಿಂದ 24,611ಕ್ಕೆ ಏರಿತು. ನಮ್ಮ ಲೆಕ್ಕದಲ್ಲಿ ಶೇಕಡಾ 4. ಅದನ್ನು ಅಂದಿನ ರೂಪಾಯಿ ದರದಿಂದ ಭಾಗಿಸಿದರೆ ಮೊದಲಿಗೆ ಸುಮಾರು 276, ಕೊನೆಗೆ ಸುಮಾರು 277 ಸಿಗುತ್ತದೆ. ಡಾಲರ್ ಲೆಕ್ಕದಲ್ಲಿ ಅವನಿಗೆ ದಕ್ಕಿದ್ದು ಏನೂ ಇಲ್ಲ ಎನ್ನಬಹುದು. ಅದೇ ಅವಧಿಯಲ್ಲಿ ಎಂಎಸ್‌ಸಿಐ ಉದಯೋನ್ಮುಖ ಮಾರುಕಟ್ಟೆಗಳ ಸೂಚ್ಯಂಕ ಡಾಲರಿನಲ್ಲಿ ಶೇಕಡಾ 25ಕ್ಕಿಂತ ಹೆಚ್ಚು ಏರಿತು, ಕೊರಿಯಾದ ಕೋಸ್ಪಿ ಸುಮಾರು 2,400ರಿಂದ 3,400ರ ಮೇಲಕ್ಕೆ ಹೋಯಿತು. ಡಾಲರ್ ಸೊರಗಿದಾಗ ಉದಯೋನ್ಮುಖ ಮಾರುಕಟ್ಟೆಗಳಿಗೆ ಲಾಭವಾಗುತ್ತದೆ ಎಂಬ ಮಾತು ಆ ವರ್ಷ ಪೂರ್ತಿ ನಿಜವಾಯಿತು, ಆದರೆ ಹಣ ಚಿಪ್ ತಯಾರಿಸುವ ತೈವಾನ್ ಮತ್ತು ಕೊರಿಯಾದ ಕಡೆಗೆ ಹರಿಯಿತು. ನಮ್ಮ ಸರಕಿನ ಮೇಲೆ ಅಮೆರಿಕ ಹಾಕಿದ ಸುಂಕ ಆಗಸ್ಟ್ 27ರಿಂದ ಶೇಕಡಾ 50 ಮುಟ್ಟಿದ್ದನ್ನೂ ಮರೆಯಬಾರದು. ಡೊಂಬಿವಿಲಿಯವರ ಜುಲೈ ಖರೀದಿ ಸೋತದ್ದಕ್ಕೆ ತಡವೇ ಕಾರಣ ಎಂದು ನನಗೆ ಅನಿಸುವುದಿಲ್ಲ.

ಹಾಗಾಗಿ ನಾನು ಡಾಲರ್ ಸೂಚ್ಯಂಕದ ಗೆರೆಯನ್ನು ತೆಗೆಯುವುದಿಲ್ಲ, ಅದರ ಮೇಲೆ ಇನ್ನೆರಡು ಗೆರೆಗಳನ್ನು ಇಡುತ್ತೇನೆ: ಡಾಲರಿನಲ್ಲಿ ನಿಫ್ಟಿ, ಮತ್ತು ಅದಕ್ಕೂ ಉದಯೋನ್ಮುಖ ಮಾರುಕಟ್ಟೆಗಳ ಇಟಿಎಫ್‌ಗೂ ಇರುವ ಅನುಪಾತ. ಟ್ರೇಡಿಂಗ್‌ವ್ಯೂನಲ್ಲಿ ಹೀಗೆ ಬರೆದರಾಯಿತು:

```
NSE:NIFTY/FX_IDC:USDINR
NSE:NIFTY/FX_IDC:USDINR/AMEX:EEM
```

ಎರಡನೆಯ ಗೆರೆ ಇಳಿಯುತ್ತಿರುವಾಗ ಡಾಲರ್ ಎಷ್ಟೇ ಬೀಳಲಿ, ವಿದೇಶಿ ಹಣ ನಮ್ಮಲ್ಲಿಗೇ ಬರುತ್ತದೆಂದು ನಾನು ಎಣಿಸುವುದಿಲ್ಲ.

ಇನ್ನೊಂದು ಎಚ್ಚರಿಕೆ, ಇದು ನನ್ನ ಮೇಜಿನ ಮೇಲೆ ದಿನವೂ ನೋಡುತ್ತಿದ್ದ ಸಂಗತಿ. ಸಂಜೆ ವಿನಿಮಯ ಕೇಂದ್ರಗಳು ಕೊಡುವ ಅಂಕಿ ತಾತ್ಕಾಲಿಕ, ಅದರಲ್ಲಿ ಮಾರುಕಟ್ಟೆಯ ಕೊಡುಕೊಳ್ಳುವಿಕೆ ಮಾತ್ರ ಇರುತ್ತದೆ. ಕಸ್ಟೋಡಿಯನ್‌ಗಳು ವರದಿ ಮಾಡಿದ ಮೇಲೆ ಎನ್‌ಎಸ್‌ಡಿಎಲ್ ಪ್ರಕಟಿಸುವ ಅಂಕಿಯಲ್ಲಿ ಹೊಸ ಷೇರು ವಿತರಣೆಗೆ ಹಾಕಿದ ಹಣವೂ ಸೇರಿರುತ್ತದೆ. 2024ರ ಅಕ್ಟೋಬರ್‌ನಲ್ಲಿ ಸಂಜೆಯ ಅಂಕಿಗಳನ್ನು ಕೂಡಿಸಿದವರಿಗೆ ಮಾರಾಟ 1.14 ಲಕ್ಷ ಕೋಟಿ ಸಿಕ್ಕಿತು, ಎನ್‌ಎಸ್‌ಡಿಎಲ್‌ನಲ್ಲಿ ಸುಮಾರು 94,000 ಕೋಟಿ. ಹುಂಡೈ ಇಂಡಿಯಾದ 27,870 ಕೋಟಿಯ ಐಪಿಒ ಬಂದ ತಿಂಗಳೇ ಅದು. ಒಂದು ತಿಂಗಳು ಒಂದನ್ನು, ಮುಂದಿನ ತಿಂಗಳು ಇನ್ನೊಂದನ್ನು ಚಾರ್ಟಿಗೆ ಹಾಕಿದರೆ ಇಲ್ಲದ ತಿರುವು ಮೂಡುತ್ತದೆ.

ವಾಶಿ, ನವಿ ಮುಂಬೈ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ಹೊತ್ತಿನ ಹೊಂದಾಣಿಕೆಯ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಿಫ್ಟಿ ಮಧ್ಯಾಹ್ನ 3.30ಕ್ಕೆ ಮುಗಿಯುತ್ತದೆ, ಡಾಲರ್ ಸೂಚ್ಯಂಕದ ಅದೇ ದಿನಾಂಕದ ಮುಕ್ತಾಯ ನ್ಯೂಯಾರ್ಕಿನ ಸಂಜೆಯದು. ದಿನದ ಅಂಕಿಗಳನ್ನು ಜೋಡಿಸಿ ಸಹಸಂಬಂಧ ತೆಗೆದರೆ, ನಮ್ಮ ಮಾರುಕಟ್ಟೆ ಇನ್ನೂ ಕಂಡಿರದ ಸುದ್ದಿಗೆ ಸ್ಪಂದಿಸಿದಂತೆ ಲೆಕ್ಕವಾಗುತ್ತದೆ. ನಾನು ವಾರದ ಶೇಕಡಾವಾರು ಬದಲಾವಣೆಯನ್ನು ಮಾತ್ರ ಬಳಸುತ್ತೇನೆ. ಮಟ್ಟಗಳನ್ನೇ ಹೋಲಿಸಿದರೆ ವರ್ಷಗಟ್ಟಲೆ ಏರುವ ನಿಫ್ಟಿ ಯಾವುದರ ಜೊತೆ ಬೇಕಾದರೂ ನಂಟು ತೋರಿಸುತ್ತದೆ.

ಆದರೆ ಆರು ನಾಣ್ಯಗಳ ಸೂಚ್ಯಂಕವನ್ನೇ ಏಕೆ ಹಿಡಿಯಬೇಕು? ಅಮೆರಿಕದ ಫೆಡ್ ಕೊಡುವ ವಿಶಾಲ ಸೂಚ್ಯಂಕ, ಫ್ರೆಡ್ ತಾಣದಲ್ಲಿ `DTWEXBGS` ಎಂದಿರುವುದು, ರೂಪಾಯಿ ಮತ್ತು ಯುವಾನ್ ಎರಡನ್ನೂ ಒಳಗೊಂಡಿದೆ.

ಮಾಟುಂಗಾ, ಮುಂಬೈ

ಅದು ತಡವಾಗಿ ಬರುತ್ತದೆ ಎಂಬುದೊಂದೇ ನನ್ನ ತಕರಾರು. ನಿಧಿ ವ್ಯವಸ್ಥಾಪಕರ ಪರದೆಯ ಮೇಲೆ ಇರುವುದು ಆರು ನಾಣ್ಯಗಳದ್ದೇ, ಅವರು ವರ್ತಿಸುವುದೂ ಅದನ್ನು ನೋಡಿಯೇ.

ವಾಶಿ, ನವಿ ಮುಂಬೈ

ಅವರ ಕಣ್ಣಿಗೆ ಬೀಳುವುದು ಒಂದು, ಅವರ ಲಾಭನಷ್ಟ ತೀರ್ಮಾನಿಸುವುದು ಇನ್ನೊಂದು. ಇದರಲ್ಲಿ ನಾವು ಒಮ್ಮತಕ್ಕೆ ಬರಲಾರೆವು, ಮೇಡಂ.

ಕೋಥ್ರೂಡ್, ಪುಣೆ

ಅನುಪಾತದ ಗೆರೆಯನ್ನು ಈಗಷ್ಟೇ ಎಳೆದು ನೋಡಿದೆ. ಅದು 2024ರ ಸೆಪ್ಟೆಂಬರ್‌ನ ಬಳಿಕವೇ ಬಾಗಿದೆ, ನನ್ನ ಹಳೆಯ ಚಾರ್ಟಿನಲ್ಲಿ ಇದು ಕಾಣುತ್ತಲೇ ಇರಲಿಲ್ಲ. ನನ್ನ ಹಣದ ಹರಿವಿನ ಕಂಬಗಳು ಅರ್ಧ ಸಂಜೆಯ ಅಂಕಿಯವು, ಅರ್ಧ ಎನ್‌ಎಸ್‌ಡಿಎಲ್‌ನವು. ಈ ಭಾನುವಾರ ಕೂತು ಎಲ್ಲವನ್ನೂ ಎನ್‌ಎಸ್‌ಡಿಎಲ್‌ನಿಂದಲೇ ಮತ್ತೆ ತುಂಬುತ್ತೇನೆ.