ಜಮೀನು ಮಾರಲು ಊರಿನ ಅಣ್ಣನಿಗೆ ಅಧಿಕಾರ ಪತ್ರ: ವಕೀಲರೊಂದಿಗೆ ಪ್ರಶ್ನೋತ್ತರ

ದುಬೈ ಸದಸ್ಯ: ನಮಸ್ಕಾರ ವಕೀಲರೆ. ವಿರಾಜಪೇಟೆ ತಾಲ್ಲೂಕಿನಲ್ಲಿ ತಂದೆಯವರು ಬಿಟ್ಟುಹೋದ ಮೂರು ಎಕರೆ ಕಾಫಿ ತೋಟವಿದೆ. ಆರ್‌ಟಿಸಿ ಇನ್ನೂ ಬದಲಾಗಿಲ್ಲ. ತಾಯಿ, ಅಣ್ಣ, ತಂಗಿ ಊರಿನಲ್ಲಿದ್ದಾರೆ. ಮಾರಾಟಕ್ಕೆ ಅಣ್ಣನಿಗೆ ಅಧಿಕಾರ ಪತ್ರ ಕಳುಹಿಸಿದರೆ ಸಾಕೆ?

ವಕೀಲರು: ಸಾಲದು. ಅಧಿಕಾರ ಪತ್ರದಲ್ಲಿ ಬರೆದಷ್ಟೇ ಅಧಿಕಾರ. ಬರೆಯದ್ದನ್ನು ನ್ಯಾಯಾಲಯ ಊಹಿಸಿಕೊಳ್ಳುವುದಿಲ್ಲ. ನಿಮ್ಮ ವಿಷಯದಲ್ಲಿ ಮಾರಾಟಕ್ಕೆ ಮೊದಲೇ ಪೌತಿ ಖಾತೆ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ನಾಡಕಚೇರಿಗೆ ಹೋಗಬೇಕು. ನಾಲ್ವರೂ ಒಟ್ಟಾಗಿ ಇಡೀ ತೋಟವನ್ನು ಮಾರುವುದಾದರೆ ವಿಭಾಗ ಬೇಕಿಲ್ಲ. ಆದರೆ ಅಣ್ಣ ಒಂದು ಎಕರೆ ಉಳಿಸಿಕೊಂಡು ಉಳಿದದ್ದನ್ನು ಮಾರುತ್ತೇನೆ ಎಂದರೆ ಮಾರುವ ಭಾಗವನ್ನು ಅಳೆದು ಗುರುತಿಸುವ 11-ಇ ನಕ್ಷೆಯೂ, ವಿಭಾಗ ಪತ್ರವೂ ಬೇಕಾಗುತ್ತವೆ, ಮತ್ತು ವಿಭಾಗ ಪತ್ರಕ್ಕೆ ಅವರು ತಮ್ಮ ಪರವಾಗಿಯೂ ನಿಮ್ಮ ಪರವಾಗಿಯೂ ಸಹಿ ಹಾಕುತ್ತಾರೆ. ನನಗೆ ಆತಂಕವಾಗುವುದು ಇಲ್ಲಿ. ಆದ್ದರಿಂದ ಯಾರಿಗೆ ಎಷ್ಟು ಭಾಗ, ಯಾವ ಮೇರೆಯಲ್ಲಿ ಎಂಬುದನ್ನು ಅಧಿಕಾರ ಪತ್ರದಲ್ಲೇ ನಮೂದಿಸಿ. ಮಾರಾಟದ ಹಣ ನೇರವಾಗಿ ನಿಮ್ಮ ಎನ್‌ಆರ್‌ಒ ಖಾತೆಗೆ, ಅಂದರೆ ಅನಿವಾಸಿಗಳ ಬ್ಯಾಂಕ್ ಖಾತೆಗೆ, ಜಮೆಯಾಗಬೇಕು ಎಂದೂ ಸೇರಿಸಿ. ಅಣ್ಣ ನಿಮ್ಮ ಪರವಾಗಿ ಸಹಿ ಹಾಕಬಹುದೇ ಹೊರತು ತಾಯಿ, ತಂಗಿಯರ ಪರವಾಗಿ ಅಲ್ಲ. ಅವರಿಗೂ ಸಮಪಾಲು ಇದೆ.

ಪತ್ರಕ್ಕೆ ದುಬೈನ ಭಾರತೀಯ ಕಾನ್ಸುಲೇಟಿನಲ್ಲಿ, ಅಧಿಕಾರಿಯ ಎದುರಿನಲ್ಲೇ ಸಹಿ ಹಾಕಿ. ಅದು ರಾಜ್ಯಕ್ಕೆ ತಲುಪಿದ ದಿನದಿಂದ ಮೂರು ತಿಂಗಳೊಳಗೆ ಮಡಿಕೇರಿಯ ಜಿಲ್ಲಾ ನೋಂದಣಾಧಿಕಾರಿಯ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಕೊರಿಯರ್ ಲಕೋಟೆಯನ್ನು ಅಣ್ಣ ಬಿಸಾಡಬಾರದು. ಪತ್ರ ಬಂದ ದಿನಾಂಕಕ್ಕೆ ಅದೇ ಸಾಕ್ಷಿ. ಅವಧಿ ಮೀರಿದರೆ ದಂಡ ಹತ್ತು ಪಟ್ಟಿನವರೆಗೆ ಹೋಗಬಹುದು.

ಕುಶಾಲನಗರ ಸದಸ್ಯ: ನಮ್ಮ ಇನ್ನೊಂದು ಗುಂಪಿನಲ್ಲಿ ಬಂದ ಸಂದೇಶದ ಪ್ರಕಾರ ಯಾವ ದೇಶದಲ್ಲಾದರೂ ಪತ್ರಕ್ಕೆ ಅಪೊಸ್ಟಿಲ್ ಎಂಬ ಸರ್ಕಾರಿ ದೃಢೀಕರಣ ಮಾಡಿಸಿದರೆ ಸಾಕು, ಕಾನ್ಸುಲೇಟಿಗೆ ಹೋಗಬೇಕಿಲ್ಲ.

ವಕೀಲರು: ಅದನ್ನು ಬರೆದವರಿಗೆ ಭೂಪಟವನ್ನು ತೋರಿಸಿ. ಅಪೊಸ್ಟಿಲ್ ನಡೆಯುವುದು ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳ ನಡುವೆ ಮಾತ್ರ. ಭಾರತ 2005ರಲ್ಲಿ ಸೇರಿತು, ಯುಎಇ ಸೇರಿಲ್ಲ.

ಟೊರೊಂಟೊ ಸದಸ್ಯೆ: ಹಾಗಾದರೆ ಕೆನಡಾದಲ್ಲಿ?

ವಕೀಲರು: 2024ರ ಜನವರಿಯಿಂದ ಅಲ್ಲಿ ಅಪೊಸ್ಟಿಲ್ ಇದೆ. ಆದರೂ ಉಪನೋಂದಣಾಧಿಕಾರಿಗೆ ಕರಡನ್ನು ಮೊದಲೇ ತೋರಿಸಿ.

ಸೋಮವಾರಪೇಟೆ ಸದಸ್ಯ: ಇಷ್ಟೆಲ್ಲ ಏಕೆ? ನಾವು ಚಿಕ್ಕಪ್ಪನ ಮಗನಿಗೆ ಜಿಪಿಎ, ಅಂದರೆ ಸಾಮಾನ್ಯ ಅಧಿಕಾರ ಪತ್ರ, ಬರೆದುಕೊಟ್ಟೆವು, ಕೊಳ್ಳುವವರು ಹಣ ಕೊಟ್ಟು ತೋಟದಲ್ಲಿ ಕೆಲಸ ಶುರು ಮಾಡಿದರು. ಕ್ರಯಪತ್ರವೇ ಬೇಕಾಗಲಿಲ್ಲ.

ವಕೀಲರು: ಹಾಗಾದರೆ ಅವರು ಕೊಂಡಂತೆಯೂ ಆಗಿಲ್ಲ. ಜಿಪಿಎಯಿಂದ ಹಕ್ಕು ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅಲ್ಲದೆ ಮಾರುವ ಅಧಿಕಾರವನ್ನು ಒಡಹುಟ್ಟಿದವರಿಗೆ ಕೊಟ್ಟರೆ ಇರುವ ಶುಲ್ಕ ರಿಯಾಯಿತಿ ಚಿಕ್ಕಪ್ಪನ ಮಗನಿಗೆ ಇಲ್ಲ. ಅದಕ್ಕೆ ಕ್ರಯಪತ್ರದಷ್ಟೇ ಶುಲ್ಕ.

ಸೋಮವಾರಪೇಟೆ ಸದಸ್ಯ: ಹೆದರಿಸುವುದೇ ವಕೀಲರ ಕೆಲಸ.

ಪೊನ್ನಂಪೇಟೆ ಸದಸ್ಯ: ತಾಲ್ಲೂಕು ಕಚೇರಿಯಲ್ಲಿ ನೌಕರಿ ಮಾಡಿದವನಾಗಿ ಹೇಳುತ್ತೇನೆ. ತೋಟ ಒಕ್ಕಕ್ಕೆ, ಅಂದರೆ ಇಡೀ ಮನೆತನಕ್ಕೆ, ಸೇರಿದ ಜಮ್ಮಾ ಬಾಣೆಯಾದರೆ ದಾಖಲೆಯಲ್ಲಿ ಹೆಸರಿರುವ ಪಟ್ಟೇದಾರನ ಸಹಿ ಸಾಕು, ಉಳಿದವರದು ಔಪಚಾರಿಕ.

ಗೋಣಿಕೊಪ್ಪ ಸದಸ್ಯೆ: ಅದು ತಪ್ಪು, ಅಣ್ಣ. ಪಟ್ಟೇದಾರ ಒಕ್ಕದ ಪರವಾಗಿ ಹೆಸರಿರುವವನು, ಒಕ್ಕದ ಒಡೆಯನಲ್ಲ. ನಮ್ಮ ಮನೆಯಲ್ಲಿ ಹೀಗೆಯೇ ಸಹಿ ಹಾಕಿಸಿಕೊಂಡ ಮೇಲೆ ಅತ್ತೆಯವರು ದಾವೆ ಹೂಡಿದರು.

ಪೊನ್ನಂಪೇಟೆ ಸದಸ್ಯ: ನಿಮ್ಮ ಮನೆಯ ವ್ಯಾಜ್ಯವನ್ನು ಕಾನೂನು ಎಂದು ಹೇಳಬೇಡಿ.

ಗೋಣಿಕೊಪ್ಪ ಸದಸ್ಯೆ: ನಿಮ್ಮ ನೌಕರಿಯನ್ನೂ ಹಾಗೆ ಹೇಳಬೇಡಿ.

ವಕೀಲರು: ಅಕ್ಕ ಹೇಳಿದ್ದು ಸತ್ಯಕ್ಕೆ ಹತ್ತಿರ. ಈ ಜಗಳ ಸಾಕು.

ಮೂರ್ನಾಡು ಸದಸ್ಯ: ಅಧಿಕಾರ ಪತ್ರ ಪಡೆದ ಅಣ್ಣನೇ ಆ ಭಾಗವನ್ನು ಕೊಳ್ಳಬಹುದೆ? ಟಿಡಿಎಸ್ ಯಾರು ಹಿಡಿಯಬೇಕು?

ಕುಶಾಲನಗರ ಸದಸ್ಯ: ಯುಎಇಯಲ್ಲೂ ಅಪೊಸ್ಟಿಲ್ ಆಗುತ್ತದೆ ಎಂದು ಇನ್ನೊಂದು ಸಂದೇಶ ಬಂದಿದೆ, ನೋಡಿ.

ವಕೀಲರು: ಆಗುವುದಿಲ್ಲ. ಮೇಲೆ ಓದಿ.

ದುಬೈ ಸದಸ್ಯ: ಧನ್ಯವಾದ. ಕೊಳ್ಳುವವರು ದುಬೈನಲ್ಲೇ ಇರುವ ನಮ್ಮೂರ ಸ್ನೇಹಿತರು. ಮುಂದಿನ ವಾರ ಕಾನ್ಸುಲೇಟಿಗೆ ಹೋಗುತ್ತೇನೆ.

ವಕೀಲರು: ಇದನ್ನು ಮೊದಲೇ ಹೇಳಬೇಕಿತ್ತು. ಅನಿವಾಸಿಯೊಬ್ಬರು ಕಾಫಿ ತೋಟವನ್ನು ಉತ್ತರಾಧಿಕಾರದಿಂದ ಪಡೆಯಬಹುದು, ಆದರೆ ಕೊಳ್ಳಲು ವಿದೇಶಿ ವಿನಿಮಯ ನಿಯಮಗಳು ಬಿಡುವುದಿಲ್ಲ. ಭಾರತದಲ್ಲಿ ವಾಸಿಸುವ ಭಾರತೀಯ ಪ್ರಜೆಗೇ ಮಾರಬೇಕು. ಮತ್ತೊಂದು ಮಾತು: ಆರ್‌ಟಿಸಿಯ ಒಂಬತ್ತನೇ ಕಾಲಂನಲ್ಲಿ ಯಾರ ಹೆಸರಿದೆ?

ದುಬೈ ಸದಸ್ಯ: ಅಣ್ಣನಿಂದ ಈಗ ಚಿತ್ರ ತರಿಸಿಕೊಂಡೆ. ತಂದೆಯವರ ಹೆಸರಿಲ್ಲ. ತೀರಿಹೋದ ದೊಡ್ಡಪ್ಪನವರ ಹೆಸರಿದೆ, ಮುಂದೆ ಪಟ್ಟೇದಾರ ಎಂದಿದೆ.

ವಕೀಲರು: ಹಾಗಾದರೆ ಕಾನ್ಸುಲೇಟಿಗೆ ಈಗ ಹೋಗಬೇಡಿ. ದೊಡ್ಡಪ್ಪನ ಮಕ್ಕಳು ಮತ್ತು ಒಕ್ಕದ ಉಳಿದವರು ನಿಮ್ಮ ತಂದೆಯವರ ಪಾಲನ್ನು ಒಪ್ಪುವವರೆಗೆ ನಿಮ್ಮ ಭಾಗ ಎಷ್ಟು ಎಂದು ಯಾರೂ ಹೇಳಲಾರರು. ಹಳೆಯ ಜಮಾಬಂದಿ ದಾಖಲೆಗಳನ್ನು ತೆಗೆಸಲು ಅಣ್ಣನಿಗೆ ಹೇಳಿ.

ಕುಶಾಲನಗರ ಸದಸ್ಯ: ಜಮಾಬಂದಿ ಆನ್‌ಲೈನಿನಲ್ಲಿ ಸಿಗುತ್ತದೆ ಎಂಬ ಸಂದೇಶ ಇದೆ, ಹಾಕಲೆ?

ವಕೀಲರು: ಬೇಡ.